ಬಾಣಂತಿಗೆ ಮಾತ್ರೆ: ಸ್ಟ್ರಿಪ್ ತಿರುಗಿಸಿ ಓದುವ ಬಗೆ

ಹಲ್ಲುನೋವಿನ ಚೀಟಿ ಹಿಡಿದು ಒಬ್ಬರು ನಮ್ಮ ಮೆಡಿಕಲ್ ಶಾಪಿಗೆ ಬಂದರು. ಹೆಂಡತಿಗೆ ದವಡೆ ಹಲ್ಲು ಕೀಳಿಸಿದ್ದಾರೆ. ಚೀಟಿಯಲ್ಲಿ ನಾಲ್ಕು ಮಾತ್ರೆ. ನಾನು ಎಣಿಸಿ ಕೊಡುವಷ್ಟರಲ್ಲಿ ಅವರು, "ಮೇಡಂ, ಒಂದು ಡಬ್ಬ ಹಾಲಿನ ಪುಡಿ, ಒಂದು ಬಾಟ್ಲಿನೂ ಕೊಡಿ" ಅಂದರು.

"ಮಗು ಎಷ್ಟು ದಿನದ್ದು ಅಣ್ಣ?"

"ಎರಡು ತಿಂಗಳು. ಐದು ದಿನ ಮಾತ್ರೆ ಮುಗಿಯೋವರೆಗೂ ಎದೆಹಾಲು ಕೊಡೋ ಹಾಗಿಲ್ವಂತೆ."

"ಡಾಕ್ಟ್ರು ಹೇಳಿದ್ರಾ?"

"ಇಲ್ಲ, ಅವರಿಗೆ ಪಾಪು ಇರೋ ವಿಷಯವೇ ನಾವು ಹೇಳಿಲ್ಲ. ನಮ್ಮತ್ತೆ ಹೇಳಿದ್ರು. ಮಾತ್ರೆ ಜೊತೆ ಬರೋ ಕಾಗದದಲ್ಲೂ ಹಾಗೇ ಇತ್ತು."

ಆ ಚೀಟಿಯಲ್ಲಿದ್ದ ನಾಲ್ಕರಲ್ಲಿ ಮಗುವಿನ ಸಲುವಾಗಿ ಬದಲಾಯಿಸಬೇಕಿದ್ದದ್ದು ಒಂದೇ ಒಂದು. ಹಾಲು ನಿಲ್ಲಿಸುವ ಅಗತ್ಯ ಯಾವುದಕ್ಕೂ ಇರಲಿಲ್ಲ. ಐದು ದಿನ ನಿಲ್ಲಿಸಿದ್ದರೆ ಎದೆ ಕಲ್ಲಿನಂತಾಗಿ ಜ್ವರ ಬರುತ್ತಿತ್ತು, ಹಾಲು ಕಡಿಮೆಯಾಗುತ್ತಿತ್ತು, ಮಗು ಬಾಟಲಿಗೆ ಒಗ್ಗಿಕೊಳ್ಳುತ್ತಿತ್ತು. ಆ ಚೀಟಿಯನ್ನು ಆಮೇಲೆ ಒಂದೊಂದೇ ಸಾಲಾಗಿ ನೋಡೋಣ. ಅದಕ್ಕೆ ಮೊದಲು ಮಾತ್ರೆ ಹಾಲಿಗೆ ಹೋಗುವುದು ಹೇಗೆ ಅಂತ ಸ್ವಲ್ಪ ತಿಳಿದಿರಬೇಕು.

ಹಾಲಿಗೆ ಎಷ್ಟು ಹೋಗುತ್ತದೆ

ತಾಯಿ ನುಂಗಿದ ಮಾತ್ರೆ ಮೊದಲು ರಕ್ತಕ್ಕೆ ಸೇರುತ್ತದೆ. ಹಾಲಿಗೆ ಬರುವುದು ರಕ್ತದಿಂದ. ಹೆಚ್ಚು ಕಡಿಮೆ ಎಲ್ಲ ಔಷಧಿಯೂ ಒಂದಿಷ್ಟು ಬಂದೇ ಬರುತ್ತದೆ. ಹಾಗಾಗಿ "ಹಾಲಿಗೆ ಹೋಗುತ್ತಾ?" ಅನ್ನುವುದಕ್ಕಿಂತ "ಎಷ್ಟು ಹೋಗುತ್ತೆ, ಅಷ್ಟರಿಂದ ಮಗುವಿಗೆ ಏನಾದರೂ ಆಗುತ್ತಾ?" ಅಂತ ಕೇಳಬೇಕು.

ಕೆಲವು ಔಷಧಿಗಳ ಕಣ ಎಷ್ಟು ದೊಡ್ಡದೆಂದರೆ ಹಾಲಿನೊಳಗೆ ನುಗ್ಗಲು ಆಗುವುದೇ ಇಲ್ಲ. ಹೆಪಾರಿನ್ ಹಾಗೆ. ಇನ್ಸುಲಿನ್ ಚೂರುಪಾರು ಬಂದರೂ ಮಗುವಿನ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ. ಇನ್ನು ಕೆಲವು ರಕ್ತದ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತವೆ, ಬಿಡಿಸಿಕೊಂಡು ಹಾಲಿಗೆ ಬರುವುದು ಅತ್ಯಲ್ಪ. ಐಬುಪ್ರೊಫೆನ್ ಈ ಜಾತಿಯದು. ಚಿಕ್ಕ ಕಣದ, ಪ್ರೋಟೀನಿಗೆ ಅಂಟದ, ದೇಹದಲ್ಲಿ ಬಹಳ ಹೊತ್ತು ಉಳಿಯುವ ಔಷಧಿಗಳೇ ಜಾಸ್ತಿ ಬರುವುದು. ಲಿಥಿಯಂ ಅದಕ್ಕೆ ಒಳ್ಳೆ ಉದಾಹರಣೆ.

ವೈದ್ಯರು ಇದಕ್ಕೊಂದು ಅಂದಾಜಿನ ಅಳತೆ ಇಟ್ಟುಕೊಂಡಿದ್ದಾರೆ. ತಾಯಿ ತನ್ನ ತೂಕದ ಒಂದು ಕೆಜಿಗೆ ಎಷ್ಟು ಔಷಧಿ ತಗೊಂಡಳು, ಹಾಲಿನ ಮೂಲಕ ಮಗುವಿಗೆ ಅದರ ತೂಕದ ಒಂದು ಕೆಜಿಗೆ ಎಷ್ಟು ಸಿಕ್ಕಿತು ಅಂತ ಹೋಲಿಸುತ್ತಾರೆ. ಮಗುವಿನ ಪಾಲು ತಾಯಿಯದರ ಶೇ. 10ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಪರವಾಗಿಲ್ಲ. ಆದರೆ ಇದು ಕಣ್ಣಳತೆ ಅಷ್ಟೇ. ಕ್ಯಾನ್ಸರ್ ಔಷಧಿಯಂಥವು ಚೂರು ಹೋದರೂ ಬೇಡ. ಮೆಟ್ರೊನಿಡಜೋಲ್‌ನಂಥವು ಹತ್ತು ದಾಟಿದರೂ ನಡೆಯುತ್ತದೆ, ಯಾಕೆಂದರೆ ಅದನ್ನು ಎಳೆ ಮಕ್ಕಳಿಗೇ ನೇರವಾಗಿ ಕೊಡುವುದುಂಟು.

ಪ್ಯಾರಾಸಿಟಮಾಲ್ ಇಟ್ಟುಕೊಂಡು ಒಂದು ಲೆಕ್ಕ ಹಾಕಿ ನೋಡಿ. ತಾಯಿ 650 ಮಿಲಿಗ್ರಾಂ ಮಾತ್ರೆ ನುಂಗಿದರೆ ಒಂದೆರಡು ಗಂಟೆಯಲ್ಲಿ ಹಾಲಿನಲ್ಲಿ ಅದರ ಮಟ್ಟ ಏರಿ ನಿಲ್ಲುತ್ತದೆ. ಆಗ ಒಂದು ಲೀಟರ್ ಹಾಲಿಗೆ 10ರಿಂದ 15 ಮಿಲಿಗ್ರಾಂ. ಮಗು ಆ ಹೊತ್ತಿನಲ್ಲೇ 100 ಎಂಎಲ್ ಕುಡಿಯಿತು ಅಂದುಕೊಳ್ಳಿ. ಅದರ ಹೊಟ್ಟೆಗೆ ಹೋಗುವುದು ಒಂದರಿಂದ ಒಂದೂವರೆ ಮಿಲಿಗ್ರಾಂ. ಅದೇ ಐದು ಕೆಜಿ ಮಗುವಿಗೆ ಜ್ವರ ಬಂದರೆ ಮಕ್ಕಳ ಡಾಕ್ಟರು ಒಂದು ಸಲಕ್ಕೆ 50ರಿಂದ 75 ಮಿಲಿಗ್ರಾಂ ಬರೆಯುತ್ತಾರೆ. ಹಾಲಿನಲ್ಲಿ ಬಂದದ್ದು ಅದರಲ್ಲಿ ಸುಮಾರು ಐವತ್ತನೇ ಒಂದು ಪಾಲು. ಜ್ವರ ಇಟ್ಟುಕೊಂಡು ಮಾತ್ರೆ ನುಂಗದೆ ನರಳುವ ಬಾಣಂತಿಯರಿಗೆ ನಾನು ಹೇಳುವುದು ಈ ಲೆಕ್ಕವನ್ನೇ.

ಮೊದಲ ಹೆಜ್ಜೆ: ಮಗುವಿನ ವಯಸ್ಸು ಹೇಳಿ

ಒಂದೇ ಮಾತ್ರೆ ಹತ್ತು ದಿನದ ಮಗುವಿನ ತಾಯಿಗೆ ಬೇರೆ, ಹತ್ತು ತಿಂಗಳ ಮಗುವಿನ ತಾಯಿಗೆ ಬೇರೆ. ಎಳೆ ಕೂಸಿನ ಲಿವರ್ ಮತ್ತು ಕಿಡ್ನಿ ಇನ್ನೂ ಪಳಗಿರುವುದಿಲ್ಲ. ಬಂದ ಔಷಧಿಯನ್ನು ಹೊರಹಾಕಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಮುಂದಿನ ಹಾಲಿನ ಜೊತೆ ಇನ್ನಷ್ಟು ಬಂದಿರುತ್ತದೆ. ಹಾಲಿನ ಮೂಲಕ ಔಷಧಿಯಿಂದ ತೊಂದರೆಯಾದ ವರದಿಗಳಲ್ಲಿ ಬಹುಪಾಲು ಎರಡು ತಿಂಗಳೊಳಗಿನ ಮಕ್ಕಳದ್ದು. ಆರು ತಿಂಗಳು ದಾಟಿದವರದ್ದು ತೀರಾ ಅಪರೂಪ.

ಆದ್ದರಿಂದ ಹಲ್ಲಿನ ಡಾಕ್ಟರಾಗಲಿ, ಚರ್ಮದ ಡಾಕ್ಟರಾಗಲಿ, ಮೆಡಿಕಲ್ ಶಾಪಿನವರಾಗಲಿ, ಅವರು ಕೇಳುವ ಮೊದಲೇ ಮೂರು ಮಾತು ಹೇಳಿಬಿಡಿ. ಮಗುವಿಗೆ ಇಷ್ಟು ದಿನ. ತಿಂಗಳು ತುಂಬಿ ಹುಟ್ಟಿದ್ದೋ ಮುಂಚೆಯೇ ಹುಟ್ಟಿದ್ದೋ. ಕಾಮಾಲೆ ಇತ್ತೋ ಇಲ್ಲವೋ. ಕಾಮಾಲೆಯ ಮಾತು ಯಾಕೆಂದರೆ, ಸಲ್ಫಾ ಇರುವ ಕೋಟ್ರೈಮಾಕ್ಸಜೋಲ್ ಅದನ್ನು ಹೆಚ್ಚು ಮಾಡಬಹುದು. ಉರಿಮೂತ್ರಕ್ಕೆ ಕೊಡುವ ನೈಟ್ರೋಫ್ಯುರಾಂಟೊಯಿನ್ ಕೂಡ ಒಂದು ತಿಂಗಳೊಳಗಿನ ಮಗುವಿದ್ದರೆ ಬೇಡ. ಮಗು ದೊಡ್ಡದಾದ ಮೇಲೆ ಇವೇ ಮಾತ್ರೆ ಸಾಮಾನ್ಯವಾಗಿ ನಡೆಯುತ್ತವೆ.

ಎರಡನೇ ಹೆಜ್ಜೆ: ಸ್ಟ್ರಿಪ್ ತಿರುಗಿಸಿ

ನಮ್ಮಲ್ಲಿ ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಮುಂದೆ ಕಂಪನಿ ಇಟ್ಟ ಹೆಸರು ಇರುತ್ತದೆ. ಒಳಗೇನಿದೆ ಅನ್ನುವುದು ಸಣ್ಣ ಅಕ್ಷರದಲ್ಲಿ, "ಈಚ್ ಟ್ಯಾಬ್ಲೆಟ್ ಕಂಟೈನ್ಸ್" ಅಂತ ಶುರುವಾಗುವ ಸಾಲಿನಲ್ಲಿರುತ್ತದೆ. ಅಲ್ಲಿ ಎಷ್ಟು ಹೆಸರಿದೆ ಎಣಿಸಿ. ಒಂದೇ ಇದ್ದರೆ ವಿಚಾರಿಸುವುದು ಸುಲಭ. ಮೂರು ನಾಲ್ಕಿದ್ದರೆ ಪ್ರತಿಯೊಂದನ್ನೂ ನೋಡಬೇಕು. ಒಂದು ಒಳ್ಳೆಯದಿದ್ದ ಮಾತ್ರಕ್ಕೆ ಪಕ್ಕದ್ದೂ ಒಳ್ಳೆಯದಲ್ಲ ಅಲ್ವಾ?

ಜ್ವರ, ಮೈಕೈನೋವಿಗೆ ಬರೀ ಪ್ಯಾರಾಸಿಟಮಾಲ್ ಇರುವ ಮಾತ್ರೆ ತಗೊಳ್ಳಿ. ಹೊಲಿಗೆ ನೋವು, ಹಲ್ಲುನೋವು, ಎದೆ ಬಾವು ಇಂಥದಕ್ಕೆ ಐಬುಪ್ರೊಫೆನ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಾಲಿಗೆ ಹೋಗುವ ಪಾಲು ಶೇ. ಒಂದಕ್ಕಿಂತಲೂ ಕಡಿಮೆ. ಆದರೆ ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇರುವ ತಾಯಿ ಕೇಳದೆ ತಗೋಬಾರದು. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೆ ಪ್ಯಾರಾಸಿಟಮಾಲ್ ಒಂದೇ ಸಾಕು. ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು. ಅದು ತಾಯಿಗಾಗಿ ಹೇಳುವ ಮಾತು, ಹಾಲಿಗಾಗಿ ಅಲ್ಲ. ತಲೆನೋವಿಗೆ ಆಸ್ಪಿರಿನ್ ನುಂಗುವ ಅಭ್ಯಾಸ ಇದ್ದರೆ ಬಿಡಿ. ಹೃದಯಕ್ಕೆಂದು ಡಾಕ್ಟರು ಬರೆದ 75 ಮಿಲಿಗ್ರಾಂ ಆಸ್ಪಿರಿನ್ ಬೇರೆ ವಿಷಯ, ಅದನ್ನು ನೀವಾಗಿ ನಿಲ್ಲಿಸಬೇಡಿ.

ಹೊಟ್ಟೆನೋವಿನ ಮಾತ್ರೆಯ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಮುಟ್ಟಿನ ನೋವಿಗೂ ಹೊಟ್ಟೆ ಹಿಂಡುವುದಕ್ಕೂ ಮನೆಮನೆಯಲ್ಲಿ ಇಟ್ಟುಕೊಳ್ಳುವ ಮಾತ್ರೆಗಳಲ್ಲಿ ಡೈಸೈಕ್ಲೊಮಿನ್ ಅನ್ನುವುದು ಇರುತ್ತದೆ. ಜೊತೆಗೆ ಮೆಫೆನಾಮಿಕ್ ಆಸಿಡ್ ಅಥವಾ ಪ್ಯಾರಾಸಿಟಮಾಲ್. ಜೊತೆಗಾರರಿಂದ ತೊಂದರೆ ಇಲ್ಲ. ಡೈಸೈಕ್ಲೊಮಿನ್ ಮಾತ್ರ ಹಾಲುಣಿಸುವವರಿಗೆ ಬೇಡ. ತಾಯಿ ಇದನ್ನು ತಗೊಂಡಾಗ 12 ದಿನದ ಮಗುವಿನ ಉಸಿರು ಕಟ್ಟಿದ ವರದಿ ಇದೆ. ಆರು ತಿಂಗಳೊಳಗಿನ ಮಕ್ಕಳಿಗೆ ಇದನ್ನು ನೇರವಾಗಿಯೂ ಕೊಡುವಂತಿಲ್ಲ. ಮೇಲಾಗಿ ಈ ಜಾತಿಯ ಔಷಧಿ ಹಾಲನ್ನೂ ಕಡಿಮೆ ಮಾಡಬಹುದು. ಹೆರಿಗೆಯಾದ ವಾರದಲ್ಲಿ ಮಗು ಹಾಲು ಕುಡಿಯುವಾಗ ಗರ್ಭಕೋಶ ಕುಗ್ಗಿ ಹೊಟ್ಟೆ ಹಿಂಡುತ್ತದಲ್ಲ, ಆಗಲೇ ಮನೆಯವರು ಹಳೆ ಸ್ಟ್ರಿಪ್ ಹುಡುಕುವುದು. ಅದಕ್ಕೆ ಐಬುಪ್ರೊಫೆನ್ ಸಾಕು. ನೋವಿನ ಜೊತೆ ಜ್ವರ ಇದ್ದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ ಯಾವ ಮಾತ್ರೆಯೂ ಬೇಡ, ಆಸ್ಪತ್ರೆಗೆ ಹೋಗಿ.

ನೆಗಡಿ ಮಾತ್ರೆಯೂ ಹೀಗೇ ಕಲಬೆರಕೆ. ಸಾಮಾನ್ಯವಾಗಿ ಒಳಗೆ ಪ್ಯಾರಾಸಿಟಮಾಲ್, ಕ್ಲೋರ್‌ಫೆನಿರಮಿನ್, ಫಿನೈಲೆಫ್ರಿನ್ ಇರುತ್ತವೆ. ಕ್ಲೋರ್‌ಫೆನಿರಮಿನ್ ತಾಯಿಗೂ ಮಂಪರು ತರುತ್ತದೆ, ಎಳೆ ಮಗುವಿಗೂ ತರಬಹುದು. ಫಿನೈಲೆಫ್ರಿನ್ ನುಂಗಿದರೆ ಮೂಗು ಬಿಡುವುದೇ ಅನುಮಾನ, 2023ರಲ್ಲಿ ಅಮೆರಿಕದ ಔಷಧ ಇಲಾಖೆಯ ತಜ್ಞರ ಸಮಿತಿಯೇ ಇದು ಕೆಲಸ ಮಾಡುವುದಿಲ್ಲ ಎಂದಿತು. ಹಾಗಿದ್ದ ಮೇಲೆ ಸುಮ್ನೆ ಯಾಕೆ ನುಂಗಬೇಕು? ಕೆಲವು ಮಾತ್ರೆಗಳಲ್ಲಿ ಸೂಡೊಎಫೆಡ್ರಿನ್ ಇರುತ್ತದೆ. ಮೂಗೇನೋ ಬಿಡುತ್ತದೆ, ಹಾಲೂ ಬತ್ತುತ್ತದೆ. ಎಂಟು ಜನ ತಾಯಂದಿರಿಗೆ ಒಂದೇ ಒಂದು 60 ಮಿಲಿಗ್ರಾಂ ಮಾತ್ರೆ ಕೊಟ್ಟು ಅಳೆದಾಗ ಆ ದಿನದ ಹಾಲು ಸರಾಸರಿ ಶೇ. 24ರಷ್ಟು ಇಳಿದಿತ್ತು.

ಬದಲಿಗೆ ಒಂದೊಂದಕ್ಕೆ ಒಂದೊಂದು ತಗೊಳ್ಳಿ. ಸೀನು, ಮೂಗು ಸೋರುವುದಕ್ಕೆ ಸೆಟ್ರಿಜಿನ್ ಅಥವಾ ಲೊರಾಟಡಿನ್. ಮೂಗು ಕಟ್ಟಿದರೆ ಕ್ಸೈಲೊಮೆಟಜೊಲಿನ್ ಹನಿ, ಮೂರು ನಾಲ್ಕು ದಿನ ಮಾತ್ರ. ಹನಿ ಮೂಗಿನಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಕಡಿಮೆ. ಕರ್ಪೂರ ಇರುವ ಮುಲಾಮನ್ನು ಎದೆಗೆ ಹಚ್ಚಬೇಡಿ, ಮಗುವಿನ ಮೂಗು ಬಾಯಿ ಅಲ್ಲೇ ಇರುತ್ತದೆ.

ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದೆಯಾ ನೋಡಿ. ಲಿವರ್ ಇದನ್ನು ಮಾರ್ಫಿನ್ ಆಗಿ ಬದಲಾಯಿಸುತ್ತದೆ. ಕೆಲವರ ದೇಹ ಹುಟ್ಟಿನಿಂದಲೇ ಈ ಕೆಲಸವನ್ನು ಅತಿ ಜೋರಾಗಿ ಮಾಡುತ್ತದೆ. ಅಂಥವರ ಹಾಲಿನಲ್ಲಿ ಮಾರ್ಫಿನ್ ಏರುತ್ತದೆ. ನಾವು ಅಂಥವರೋ ಅಲ್ಲವೋ ಅಂತ ಮುಖ ನೋಡಿ ಗೊತ್ತಾಗುವುದಿಲ್ಲ. ಕೆನಡಾದ ಟೊರೊಂಟೊದಲ್ಲಿ 13 ದಿನದ ಮಗುವೊಂದು ತೀರಿಕೊಂಡ ಪ್ರಕರಣ 2006ರಲ್ಲಿ ಪ್ರಕಟವಾಗಿ ದೊಡ್ಡ ಸುದ್ದಿಯಾಯಿತು. ಸಾವಿಗೆ ಹಾಲೊಂದೇ ಕಾರಣವೇ ಎಂದು ಆಮೇಲೆ ತಜ್ಞರೇ ತಕರಾರು ತೆಗೆದಿದ್ದಾರೆ. ಆದರೂ 2017ರಲ್ಲಿ ಅಮೆರಿಕದ ಔಷಧ ಇಲಾಖೆ ಹಾಲುಣಿಸುವವರಿಗೆ ಕೊಡೀನ್ ಮತ್ತು ಟ್ರಮಡಾಲ್ ಎರಡೂ ಬೇಡ ಅಂತ ಎಚ್ಚರಿಸಿತು.

ಈಗ ಆ ಹಲ್ಲಿನ ಚೀಟಿ

ಮೊದಲ ಸಾಲು ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ 625ರ ಮಾತ್ರೆ. ಪೆನ್ಸಿಲಿನ್ ಜಾತಿಯದು, ಹಾಲಿಗೆ ಹೋಗುವುದು ಬಹಳ ಕಡಿಮೆ. ಮಗುವಿಗೆ ಎರಡು ದಿನ ಸ್ವಲ್ಪ ನೀರಾಗಿ ಹೋಗಬಹುದು, ಬಾಯಲ್ಲಿ ಬಿಳಿ ಪದರ ಕಾಣಬಹುದು. ಇದನ್ನು ಹಾಗೇ ಮುಂದುವರಿಸಿದೆವು. ಸೆಫಲೆಕ್ಸಿನ್, ಸೆಫಿಕ್ಸಿಮ್, ಅಜಿಥ್ರೊಮೈಸಿನ್‌ಗಳ ಮಾತೂ ಹೆಚ್ಚುಕಡಿಮೆ ಇದೇ.

ಎರಡನೆಯದು ಮೆಟ್ರೊನಿಡಜೋಲ್ 400, ದಿನಕ್ಕೆ ಮೂರು. ಇದು ಹಾಲಿಗೆ ಲೆಕ್ಕಕ್ಕೆ ಸಿಗುವಷ್ಟು ಹೋಗುತ್ತದೆ. ಹಾಲು ತುಸು ಕಹಿಯಾಗಿ ಮಗು ಮುಖ ಸಿಂಡರಿಸಬಹುದು. ಆದರೆ ಮಗುವಿಗೆ ಸಿಗುವ ಮಟ್ಟ ಮಕ್ಕಳಿಗೆ ಚಿಕಿತ್ಸೆಗೆ ಕೊಡುವುದಕ್ಕಿಂತ ಕಡಿಮೆ. ಹಾಗಾಗಿ ಈ ಪ್ರಮಾಣದಲ್ಲಿ ಹಾಲು ನಿಲ್ಲಿಸಬೇಕಿಲ್ಲ. ಒಂದೇ ಸಲಕ್ಕೆ 2 ಗ್ರಾಂ ನುಂಗುವ ಚಿಕಿತ್ಸೆ ಇದೆ, ಆಗ ಮಾತ್ರ 12ರಿಂದ 24 ಗಂಟೆ ಹಾಲು ಕೊಡದೆ ಹಿಂಡಿ ಚೆಲ್ಲಲು ಹೇಳುತ್ತಾರೆ. ಬೇಡದ ಕಡೆಯೂ ಹಾಲು ಹಿಂಡಿ ಚೆಲ್ಲುವ ಪದ್ಧತಿ ಹುಟ್ಟಿದ್ದು ಇಂಥ ಸಲಹೆಗಳಿಂದ ಇರಬೇಕು ಅಂತ ನನ್ನ ಅನುಮಾನ.

ಮೂರನೆಯದೇ ನನ್ನ ಕೈ ತಡೆದದ್ದು. ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್. ಟ್ರಮಡಾಲ್ ಹಾಲಿಗೆ ಹೋಗುವ ಪಾಲು ಸುಮಾರು ಶೇ. ಮೂರರ ಒಳಗೇ ಇದೆ. ಆಸ್ಪತ್ರೆಯಲ್ಲಿ ನಿಗಾ ಇಟ್ಟು ಒಂದೆರಡು ದಿನ ಕೊಡುವ ವೈದ್ಯರೂ ಇದ್ದಾರೆ. ಆದರೆ ಕೊಡೀನ್ ಹಾಗೆಯೇ ಇದೂ ಕೆಲವರ ಲಿವರಿನಲ್ಲಿ ಜೋರಾಗಿ ಬದಲಾಗುತ್ತದೆ. ಎರಡು ತಿಂಗಳ ಮಗು, ಮನೆಯಲ್ಲಿ ಐದು ದಿನ. ಇನ್ನೊಂದು ದಾರಿ ಸುಲಭವಾಗಿ ಇರುವಾಗ ಇದು ಬೇಕಾ? ಡಾಕ್ಟರಿಗೆ ಫೋನ್ ಮಾಡಿ, "ಸರ್, ಪೇಷಂಟ್ ಹಾಲುಣಿಸ್ತಿದ್ದಾರೆ, ಮಗುಗೆ ಎರಡು ತಿಂಗಳು" ಅಂದೆ. ಅವರು ಕೂಡಲೇ ಐಬುಪ್ರೊಫೆನ್ 400 ಮತ್ತು ಪ್ಯಾರಾಸಿಟಮಾಲ್ ಎರಡನ್ನೂ ಊಟವಾದ ಮೇಲೆ ತಗೊಳ್ಳಲಿ ಎಂದರು. ಅಷ್ಟೇ ಆದದ್ದು. ಹಲ್ಲಿನ ನೋವಿಗೆ ಈ ಜೋಡಿ ಕಡಿಮೆಯದೇನಲ್ಲ.

ನಾಲ್ಕನೆಯದು ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್. ಪ್ಯಾಂಟೊಪ್ರಜೋಲ್ ಹಾಲಿಗೆ ಬರುವುದೇ ಸ್ವಲ್ಪ, ಬಂದದ್ದೂ ಮಗುವಿನ ಹೊಟ್ಟೆಯ ಆಮ್ಲದಲ್ಲಿ ಹಾಳಾಗುತ್ತದೆ. ಡೊಂಪೆರಿಡೋನ್ ಹಾಲು ಹೆಚ್ಚಿಸುತ್ತದೆ, ಅದಕ್ಕಾಗಿಯೇ ಬರೆಯುವವರೂ ಇದ್ದಾರೆ. ಆದರೆ ಹೃದಯದ ಬಡಿತ ಏರುಪೇರಾಗುವ ತೊಂದರೆ ಇರುವ ತಾಯಿಗೆ, ಎರಿಥ್ರೊಮೈಸಿನ್, ಫ್ಲುಕೊನಜೋಲ್‌ನಂಥವು ನಡೆಯುತ್ತಿರುವಾಗ, ಇದು ಸರಿಯಲ್ಲ. ಇವರಿಗೆ ವಾಂತಿಯೇ ಇರಲಿಲ್ಲ, ಡಾಕ್ಟರನ್ನು ಕೇಳಿ ಬರೀ ಪ್ಯಾಂಟೊಪ್ರಜೋಲ್ ಕೊಟ್ಟೆ.

ಹಲ್ಲು ಕೀಳುವಾಗ ಒಸಡಿಗೆ ಹಾಕಿದ ಮರಗಟ್ಟಿಸುವ ಇಂಜೆಕ್ಷನ್, ಅಂದರೆ ಲಿಗ್ನೊಕೇನ್, ಅದರಿಂದಲೂ ಭಯವಿಲ್ಲ. ಎಕ್ಸ್‌ರೇ ತೆಗೆದರೆ ಹಾಲಿಗೆ ಏನೂ ಆಗುವುದಿಲ್ಲ. ಬಾಯಿ ಮುಕ್ಕಳಿಸಲು ಉಪ್ಪುನೀರು ಸಾಕು. ಅಯೋಡಿನ್ ಇರುವ ದ್ರಾವಣವನ್ನು ದಿನಗಟ್ಟಲೆ ಬಳಸುವುದು ಬೇಡ. ಅಯೋಡಿನ್ ಹಾಲಿನಲ್ಲಿ ಸೇರಿಕೊಳ್ಳುತ್ತದೆ, ಎಳೆ ಮಗುವಿನ ಥೈರಾಯ್ಡ್ ಮೇಲೆ ಪರಿಣಾಮ ಮಾಡಬಹುದು. ಹೊಲಿಗೆಗೆ, ಗಾಯಕ್ಕೆ ದಿನವೂ ಹಚ್ಚುವವರಿಗೂ ಈ ಮಾತು ಅನ್ವಯಿಸುತ್ತದೆ.

ಮೂರನೇ ಹೆಜ್ಜೆ: ಯಾವಾಗ ನುಂಗಬೇಕು

ಮಗುವಿಗೆ ಹಾಲು ಕೊಟ್ಟು ಮುಗಿಸಿದ ಕೂಡಲೇ ನುಂಗಿ. ಮುಂದಿನ ಹಾಲಿನ ಹೊತ್ತಿಗೆ ಮಟ್ಟ ಇಳಿಯತೊಡಗಿರುತ್ತದೆ. ದಿನಕ್ಕೊಂದೇ ಮಾತ್ರೆ ಆದರೆ, ಮಗು ಉದ್ದಕ್ಕೆ ಮಲಗುವ ರಾತ್ರಿಯ ಹಾಲಿನ ನಂತರ ಒಳ್ಳೆಯದು. ಹಾಲು ಹಿಂಡಿ ಚೆಲ್ಲಿದರೆ ಔಷಧಿ ಬೇಗ ಹೊರಹೋಗುತ್ತದೆ ಅನ್ನುವುದು ತಪ್ಪು. ರಕ್ತದಲ್ಲಿ ಇಳಿದಂತೆ ಹಾಲಿನಲ್ಲೂ ತಾನಾಗಿ ಇಳಿಯುತ್ತದೆ, ಅಲ್ಲಿಗೆ ವಾಪಸ್ ಹೋಗಲು ದಾರಿ ತೆರೆದೇ ಇರುತ್ತದೆ. ನಿಲ್ಲಿಸಲೇಬೇಕಾದ ದಿನಗಳಲ್ಲಿ ಹಿಂಡುವುದು ಎದೆ ಬಿಗಿಯದಿರಲಿ, ಹಾಲು ಬತ್ತದಿರಲಿ ಎಂದು. ತಿಂಗಳುಗಟ್ಟಲೆ ತಗೊಳ್ಳುವ, ದೇಹದಲ್ಲಿ ನಿಧಾನವಾಗಿ ಕರಗುವ ಮಾತ್ರೆಗಳಿಗೆ ಈ ಹೊತ್ತಿನ ಲೆಕ್ಕ ಅಷ್ಟಾಗಿ ನಡೆಯುವುದಿಲ್ಲ.

ನಾಲ್ಕನೇ ಹೆಜ್ಜೆ: ಮಗುವನ್ನು ನೋಡುತ್ತಿರಿ

ಮೊದಲ ಎರಡು ಮೂರು ದಿನ ಮಗು ಎಂದಿನಂತಿದೆಯಾ ಗಮನಿಸಿ. ಹಾಲಿಗೆ ತಾನಾಗಿ ಏಳುವ ಮಗು ನಾಲ್ಕು ಗಂಟೆ ದಾಟಿದರೂ ಏಳದಿದ್ದರೆ, ಎಬ್ಬಿಸಿದರೂ ಚೀಪದೆ ತೂಕಡಿಸಿದರೆ, ಕೈಕಾಲು ಬಟ್ಟೆಯಂತೆ ಜೋತುಬಿದ್ದರೆ, ಉಸಿರು ನಿಂತು ನಿಂತು ಬಂದರೆ, ತುಟಿ ಬಿಳಿಚಿದರೆ ಕೂಡಲೇ ಆಸ್ಪತ್ರೆಗೆ ಓಡಿ, ತಾಯಿಯ ಸ್ಟ್ರಿಪ್ಪನ್ನೂ ಜೊತೆಗೆ ಒಯ್ಯಿರಿ. ಬೇಧಿ ಜಾಸ್ತಿಯಾದರೆ, ಮೈಮೇಲೆ ದದ್ದು ಎದ್ದರೆ, ಒದ್ದೆಯಾಗುವ ಬಟ್ಟೆ ದಿನಕ್ಕೆ ಆರಕ್ಕಿಂತ ಕಡಿಮೆಯಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ರಾತ್ರಿ ಮಂಪರಿನ ಮಾತ್ರೆ ನುಂಗಿದ ತಾಯಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದೂ ಬೇಡ.

ನೀವಾಗಿ ನಿಲ್ಲಿಸಬಾರದ್ದು, ನೀವಾಗಿ ಶುರು ಮಾಡಬಾರದ್ದು

ಥೈರಾಯ್ಡ್ ಮಾತ್ರೆ ದೇಹದಲ್ಲಿ ಕಡಿಮೆಯಿದ್ದದ್ದನ್ನು ತುಂಬುತ್ತದೆ ಅಷ್ಟೇ, ಮುಂದುವರಿಸಿ. ಮೆಟ್‌ಫಾರ್ಮಿನ್, ಇನ್ಸುಲಿನ್ ಕೂಡ. ಬಿಪಿಗೆ ಲೆಬೆಟಲಾಲ್, ನಿಫೆಡಿಪಿನ್, ಎನಲಾಪ್ರಿಲ್ ನಡೆಯುತ್ತವೆ. ಅಟೆನಲಾಲ್ ಹಾಲಿಗೆ ಜಾಸ್ತಿ ಹೋಗುತ್ತದೆ, ಮಗು ಚಿಕ್ಕದಿದ್ದರೆ ಬೇರೆಯದಕ್ಕೆ ಬದಲಾಯಿಸಲು ಕೇಳಿ. ಟಿಬಿ ಮಾತ್ರೆ ತಗೊಳ್ಳುವ ತಾಯಿ ಹಾಲು ಕೊಡಬಹುದು, ಐಸೊನಿಯಜಿಡ್ ಇರುವುದರಿಂದ ಬಿ6 ವಿಟಮಿನ್ ಬಗ್ಗೆ ವಿಚಾರಿಸಿ. ಬಾಣಂತನದ ಖಿನ್ನತೆಗೆ ಬರೆಯುವ ಸರ್ಟ್ರಲಿನ್ ಹಾಲಿಗೆ ಹೋಗುವುದು ತೀರಾ ಕಡಿಮೆ. ಮೂರ್ಛೆಯ ಮಾತ್ರೆಯನ್ನಂತೂ ಹಾಲಿನ ಹೆಸರಲ್ಲಿ ತಟ್ಟನೆ ಬಿಟ್ಟರೆ ಫಿಟ್ಸ್ ಬಂದು ಮಗುವೇ ಕೈಜಾರಬಹುದು. ಲ್ಯಾಮೊಟ್ರಿಜಿನ್, ಫಿನೊಬಾರ್ಬಿಟಾಲ್ ಹಾಲಿಗೆ ಸಾಕಷ್ಟು ಹೋಗುತ್ತವೆ ನಿಜ. ಅದಕ್ಕೆ ಬೇಕಾದದ್ದು ಮಗುವಿನ ಮೇಲೆ ನಿಗಾ.

ಕ್ಯಾನ್ಸರ್ ಔಷಧಿ, ಮೆಥೊಟ್ರೆಕ್ಸೇಟ್, ಲಿಥಿಯಂ, ಅಮಿಯೊಡರೋನ್, ಮೊಡವೆಗೆ ನುಂಗುವ ಐಸೊಟ್ರೆಟಿನಾಯಿನ್, ಇವುಗಳ ಬಗ್ಗೆ ತಜ್ಞರ ಮಾತೇ ಕೊನೆ. ಥೈರಾಯ್ಡಿಗೆ ವಿಕಿರಣದ ಅಯೋಡಿನ್ ಕೊಡುವುದಾದರೆ ಆ ಮಗುವಿಗೆ ಹಾಲನ್ನು ಪೂರ್ತಿ ನಿಲ್ಲಿಸಬೇಕು, ಅದೂ ಚಿಕಿತ್ಸೆಗೆ ವಾರಗಳ ಮುಂಚೆಯೇ. ಗರ್ಭನಿರೋಧಕದಲ್ಲಿ ಈಸ್ಟ್ರೊಜೆನ್ ಇದ್ದರೆ ಹಾಲು ಕಡಿಮೆಯಾಗಬಹುದು, ಬರೀ ಪ್ರೊಜೆಸ್ಟಿನ್ ಇರುವುದನ್ನು ಕೇಳಿ. ಒಳಗೇನಿದೆ ಅಂತ ಬರೆಯದ ಪುಡಿ, ಭಸ್ಮಗಳನ್ನು ಯಾರು ಪ್ರೀತಿಯಿಂದ ತಂದುಕೊಟ್ಟರೂ ಪಕ್ಕಕ್ಕಿಡಿ. ಕೆಲವದರಲ್ಲಿ ಸೀಸ ಸಿಕ್ಕಿದೆ.

ನೀವೇ ಹುಡುಕಿ ನೋಡುವುದಾದರೆ

ಪೆಟ್ಟಿಗೆಯೊಳಗಿನ ಕಾಗದ ನೋಡಿ ತೀರ್ಮಾನಿಸಬೇಡಿ. ಕೋರ್ಟಿನ ಭಯಕ್ಕೆ ಕಂಪನಿಗಳು ಹೆಚ್ಚಿನ ಮಾತ್ರೆಗೆ "ಹಾಲುಣಿಸುವವರು ಬಳಸಬೇಡಿ" ಅಂತಲೇ ಬರೆದಿರುತ್ತವೆ. ಯಾವ ಔಷಧಿ ಹಾಲಿಗೆ ಎಷ್ಟು ಹೋಗುತ್ತದೆ ಅಂತ ತಿಳಿಸುವ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ LactMed ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಸ್ಪೇನಿನ ಮಕ್ಕಳ ವೈದ್ಯರು ಕಟ್ಟಿದ e-lactancia.org ಇನ್ನೂ ಸರಳ, ಹಸಿರಿನಿಂದ ಕೆಂಪಿನವರೆಗೆ ಬಣ್ಣದಲ್ಲೇ ತೋರಿಸುತ್ತದೆ. ಎರಡರಲ್ಲೂ ಕಂಪನಿಯ ಹೆಸರು ಹಾಕಿದರೆ ನಮ್ಮ ಮಾತ್ರೆ ಸಿಗದೇ ಇರಬಹುದು. ಸ್ಟ್ರಿಪ್ ಹಿಂದಿನ ಹೆಸರನ್ನೇ, dicyclomine, tramadol ಅಂತ, ಒಂದೊಂದಾಗಿ ಟೈಪ್ ಮಾಡಿ. ಅಲ್ಲಿ ಕೆಂಪು ಕಂಡರೆ ಹಾಲು ನಿಲ್ಲಿಸುವ ಮೊದಲು ಡಾಕ್ಟರನ್ನು ಹೀಗೆ ಕೇಳಿ: "ಇದರ ಬದಲು ಬೇರೆ ಯಾವುದಿದೆ?"

ಆ ದಿನ ಬಂದವರು ಹಾಲಿನ ಪುಡಿಯ ಡಬ್ಬ ಕೌಂಟರಿನ ಮೇಲೇ ಬಿಟ್ಟುಹೋದರು. ಬಾಟಲಿ ಮಾತ್ರ ತಗೊಂಡರು. "ಮನೆಲಿ ಅತ್ತೆ ಒಪ್ಪಬೇಕಲ್ಲ ಮೇಡಂ, ಇರಲಿ" ಅಂದರು.